ಡಾಲರ್ ಕಾರ್ಡ್, ರೂಪಾಯಿ ಖಾತೆ: ಗೇಮಿಂಗ್ ಕೋಡ್ ತಿರಸ್ಕೃತವಾದರೆ

ಅಮೆರಿಕದಲ್ಲಿರುವ ಚಿಕ್ಕಪ್ಪ ಹುಟ್ಟುಹಬ್ಬಕ್ಕೆಂದು 50 ಡಾಲರ್‌ನ ಪ್ಲೇಸ್ಟೇಷನ್ ಕಾರ್ಡ್ ಕಳುಹಿಸುತ್ತಾರೆ. ಮೈಸೂರಿನ ಹುಡುಗ ಹನ್ನೆರಡು ಅಕ್ಷರಗಳ ಕೋಡ್ ಹಾಕಿದರೆ, ಅದು ಸರಿಯಿಲ್ಲ ಅಥವಾ ಈಗ ಮಾನ್ಯವಲ್ಲ ಎಂಬರ್ಥದ ಸಂದೇಶ ಬರುತ್ತದೆ. ಕಾರ್ಡಿನ ದೇಶವೂ ಖಾತೆಯ ದೇಶವೂ ಹೊಂದುತ್ತಿಲ್ಲ ಎಂದು ಪ್ಲೇಸ್ಟೇಷನ್‌ನ ಆನ್‌ಲೈನ್ ಸ್ಟೋರ್ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಕಾರ್ಡೇ ನಕಲಿ ಇರಬೇಕೆಂದು ಮನೆಯವರು ಅನುಮಾನಿಸುವುದು ಸಹಜ.

ಮೊದಲು ಕೋಡನ್ನು ಇನ್ನೊಮ್ಮೆ ನಿಧಾನವಾಗಿ ಟೈಪ್ ಮಾಡಿ. 8 ಮತ್ತು B ಅದಲುಬದಲಾಗಿರಬಹುದು. ಆಮೇಲೆ ಸ್ಟೋರ್ ತೆರೆದು ಯಾವುದಾದರೂ ಆಟದ ಬೆಲೆ ನೋಡಿ. ರೂಪಾಯಿಯಲ್ಲಿದ್ದರೆ ನಿಮ್ಮದು ಭಾರತದ ಖಾತೆ. ಕಾರ್ಡಿನ ಮೇಲೆ ಡಾಲರ್ ಇದ್ದರೆ ಕಾರಣ ಸಿಕ್ಕಿತು: ಅಮೆರಿಕದ ಕಾರ್ಡ್ ಅಮೆರಿಕದ ಖಾತೆಯಲ್ಲಿ ಮಾತ್ರ ನಡೆಯುತ್ತದೆ. ಕನ್ಸೋಲ್ ಎಲ್ಲಿ ಕೊಂಡದ್ದು, ಈಗ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಖಾತೆ ತೆರೆಯುವಾಗ ಆರಿಸಿದ ದೇಶವೇ ಲೆಕ್ಕ. ಪ್ಲೇಸ್ಟೇಷನ್‌ನಲ್ಲಿ ಅದನ್ನು ಆಮೇಲೆ ಬದಲಿಸಲಾಗದು.

ಸಮಾಧಾನವೆಂದರೆ, ತಿರಸ್ಕೃತವಾದ ಕೋಡ್ ಖರ್ಚಾಗಿರುವುದಿಲ್ಲ. ಆದ್ದರಿಂದ ಅದರ ಚಿತ್ರವನ್ನು ಕಂಡಕಂಡ ಗುಂಪುಗಳಿಗೆ ಹಾಕಿ ಸಹಾಯ ಕೇಳಬೇಡಿ; ಮೊದಲು ನೋಡಿದವನು ಬಳಸಿಕೊಂಡಾನು. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಕೋಡನ್ನು ಚಿಕ್ಕಪ್ಪನಿಗೇ ಹಿಂತಿರುಗಿಸುವುದು. ಅಲ್ಲಿನ ಖಾತೆಯಿರುವ ಯಾರಾದರೂ ಅದನ್ನು ಬಳಸಲಿ, ಇಲ್ಲಿಗೆ ರೂಪಾಯಿ ಕಾರ್ಡ್ ಬರಲಿ.

ಇನ್ನೊಂದು ದಾರಿ ಅಮೆರಿಕದ ಹೆಸರಿನಲ್ಲಿ ಎರಡನೇ ಖಾತೆ ತೆರೆಯುವುದು. ಅನೇಕರು ಮಾಡುತ್ತಾರೆ, ಆದರೆ ವಾಸದ ದೇಶವನ್ನು ನಿಜವಾಗಿ ತಿಳಿಸಬೇಕೆಂಬುದು ಸೋನಿಯ ನಿಯಮ. ನಾನು ಇದನ್ನು ಶಿಫಾರಸು ಮಾಡಲಾರೆ. ಚಿಕ್ಕಪ್ಪನಿಗೇ ಅಲ್ಲಿ ಖಾತೆಯಿದ್ದು, ರಜೆಯಲ್ಲಿ ಬಂದಾಗ ನಿಮ್ಮ ಕನ್ಸೋಲ್‌ನಲ್ಲಿ ಲಾಗಿನ್ ಆಗುವವರಾದರೆ ಮಾತು ಬೇರೆ. ಅವರ ಖಾತೆಯಲ್ಲಿ ಕೋಡ್ ಹಾಕಿ, ಆಟ ಕೊಂಡು, ಪಿಎಸ್5ರ Settings ಒಳಗೆ Users and Accounts, ಅಲ್ಲಿ Other, ಅದರಲ್ಲಿ Console Sharing and Offline Play ಚಾಲೂ ಮಾಡಿದರೆ ಆ ಆಟವನ್ನು ಹುಡುಗ ತನ್ನ ಖಾತೆಯಿಂದಲೇ ಆಡಬಹುದು. ಒಂದು ಖಾತೆಗೆ ಈ ಸವಲತ್ತು ಒಂದೇ ಪಿಎಸ್5ರಲ್ಲಿ ಸಿಗುವುದರಿಂದ ಚಿಕ್ಕಪ್ಪನನ್ನು ಮೊದಲೇ ಕೇಳಿಕೊಳ್ಳಿ.

ಲೆಕ್ಕ ತಪ್ಪುವುದು ತೆರಿಗೆಯಲ್ಲಿ. ಅಮೆರಿಕದ ಸ್ಟೋರ್‌ನಲ್ಲಿ ಕಾಣುವ ಬೆಲೆಗೆ ಹಲವು ರಾಜ್ಯಗಳಲ್ಲಿ ಮಾರಾಟ ತೆರಿಗೆ ಕೊನೆಗೆ ಸೇರುತ್ತದೆ. 49.99 ಡಾಲರ್ ಆಟಕ್ಕೆ ಶೇಕಡಾ 8 ತೆರಿಗೆಯಾದರೆ ಸುಮಾರು 54 ಡಾಲರ್. 50ರ ಕಾರ್ಡ್ ಸಾಲದು. ಅಗ್ಗದ ಆಟ ಕೊಂಡು ಉಳಿದ ಹಣವನ್ನು ಹುಡುಗನ ಖಾತೆಗೆ ದಾಟಿಸಲೂ ಆಗದು.

ಆಟದ ಹೆಚ್ಚುವರಿ ಭಾಗಗಳನ್ನು ಕೊಳ್ಳುವ ಯೋಚನೆಯಿದ್ದರೆ ಇನ್ನೂ ಎಚ್ಚರ ಬೇಕು. ಅವು ಸಾಮಾನ್ಯವಾಗಿ ಅದೇ ಪ್ರದೇಶದ ಆಟಕ್ಕೆ ಮಾತ್ರ ಹೊಂದುತ್ತವೆ. ಬೆಂಗಳೂರಿನಲ್ಲಿ ಕೊಂಡ ಡಿಸ್ಕ್‌ಗೆ ಅಮೆರಿಕದ ಸ್ಟೋರ್‌ನಿಂದ ತಂದ ಭಾಗ ಇಳಿದರೂ ಆಟದೊಳಗೆ ಕಾಣದೇ ಹೋಗಬಹುದು.