ಥಲಸ್ಸೇಮಿಯಾ ಇರುವ ಗಂಡಸರಲ್ಲಿ ಆಸೆ ಬತ್ತಿದಾಗ: ಹಾರ್ಮೋನ್ ರಿಪೋರ್ಟ್ ಓದುವುದು ಹೇಗೆ?

ಅಮ್ಮ ಪಕ್ಕದಲ್ಲಿ ಕೂತಿರುವಾಗ ಯಾವ ಮಗನೂ ಈ ಮಾತು ಎತ್ತುವುದಿಲ್ಲ. ನಮ್ಮ ವಾರ್ಡಿಗೆ ರಕ್ತ ಹಾಕಿಸಿಕೊಳ್ಳಲು ಬರುವ ಇಪ್ಪತ್ತೆಂಟರ ಹುಡುಗನೊಬ್ಬ ಅಮ್ಮ ನೀರಿನ ಬಾಟಲಿ ತುಂಬಿಸಲು ಎದ್ದು ಹೋಗುವವರೆಗೂ ಕಾದ. ಸೂಜಿ ಚುಚ್ಚಿದ್ದ ಕೈಯನ್ನು ಅಲುಗಿಸದೆ, ನನ್ನ ಮುಖ ನೋಡದೆ, "ಮೇಡಂ, ಮದುವೆಯಾಗಿ ಎರಡು ವರ್ಷ ಆಯ್ತು. ನನಗೆ ಆಸೆನೇ ಬರಲ್ಲ. ಅವಳಿಗೆ, ನಾನು ಇಷ್ಟವಿಲ್ಲದೆ ಮದುವೆ ಆದೆ ಅನ್ನೋ ಅನುಮಾನ" ಅಂದ. ಮೆಡಿಕಲ್ ಶಾಪಿನಿಂದ ತಂದ ನೀಲಿ ಗುಳಿಗೆಯನ್ನು ಎರಡು ಸಲ ನುಂಗಿ ನೋಡಿದ್ದನಂತೆ, ಪ್ರಯೋಜನವಾಗಿರಲಿಲ್ಲ. ಆ ಗುಳಿಗೆ ಕೆಲಸ ಮಾಡುವುದು ರಕ್ತನಾಳದ ಮೇಲೆ. ಆಸೆ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಅವನ ಕಥೆಯನ್ನೇ ಹಿಡಿದು ಮುಂದಿನ ಹೆಜ್ಜೆಗಳನ್ನು ಹೇಳುತ್ತೇನೆ. ಬದುಕಿಡೀ ರಕ್ತ ಹಾಕಿಸಿಕೊಳ್ಳಬೇಕಾದ ಥಲಸ್ಸೇಮಿಯಾ ಮೇಜರ್ ಇರುವವರಲ್ಲಿ ಹಾರ್ಮೋನಿಗೆ ಸಂಬಂಧಿಸಿದ ತೊಂದರೆಗಳ ಪೈಕಿ ಅತಿ ಹೆಚ್ಚಾಗಿ ಕಾಣುವುದು ಲೈಂಗಿಕ ಹಾರ್ಮೋನಿನ ಈ ಕೊರತೆಯೇ. ಹೀಗಿದ್ದೂ ಕೇಳುವವರಿಲ್ಲ, ಹೇಳುವವರೂ ಇಲ್ಲ.

ಮೊದಲು ಕಬ್ಬಿಣದ ಲೆಕ್ಕ ಹಾಕಿ

ನಿಮ್ಮ ರಕ್ತದ ಕಾರ್ಡು ಎದುರಿಗಿಟ್ಟುಕೊಳ್ಳಿ. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಈ ಹುಡುಗನಿಗೆ ಮೂರು ವಾರಕ್ಕೊಮ್ಮೆ ಎರಡು ಯೂನಿಟ್, ಅಂದರೆ ವರ್ಷಕ್ಕೆ ಹೆಚ್ಚು ಕಡಿಮೆ 35 ಯೂನಿಟ್. 7 ಗ್ರಾಂ ಕಬ್ಬಿಣ ಆಯಿತು. ಆರೋಗ್ಯವಂತ ಗಂಡಸಿನ ಇಡೀ ಮೈಯಲ್ಲಿ ಇರುವುದೇ 4 ಗ್ರಾಂ ಆಸುಪಾಸು. ದಿನಕ್ಕೆ ಒಂದೆರಡು ಮಿಲಿಗ್ರಾಂ ಬಿಟ್ಟರೆ ಹೆಚ್ಚಿನದನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಉಳಿದದ್ದನ್ನು ಔಷಧಿಯೇ ಇಳಿಸಬೇಕು.

ಇಳಿಸದಿದ್ದರೆ ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಪ್ರೋಟೀನು ತುಂಬಿಹೋಗುತ್ತದೆ. ಹೊರುವವರಿಲ್ಲದ ಕಬ್ಬಿಣ ಸಿಕ್ಕಸಿಕ್ಕ ಅಂಗದೊಳಗೆ ನುಗ್ಗುತ್ತದೆ. ಯಕೃತ್ತಿಗೆ, ಹೃದಯಕ್ಕೆ ನುಗ್ಗುವುದು ಬಹಳ ಜನಕ್ಕೆ ಗೊತ್ತು. ಮೂಗಿನ ಬುಡದ ಹಿಂದೆ, ಮಿದುಳಿನ ಕೆಳಗೆ ಕಡಲೆಕಾಳಿನಷ್ಟೇ ಇರುವ ಪಿಟ್ಯುಟರಿ ಗ್ರಂಥಿಗೂ ನುಗ್ಗುತ್ತದೆ ಎಂಬುದು ಗೊತ್ತಿರುವವರು ಕಡಿಮೆ. ಆ ಗ್ರಂಥಿಯಲ್ಲಿ ಕಬ್ಬಿಣದ ಪೆಟ್ಟನ್ನು ಎಲ್ಲರಿಗಿಂತ ಮೊದಲು ತಿನ್ನುವುದು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ತಯಾರಿಸುವ ಜೀವಕೋಶಗಳು. ಗಂಡಸಿನ ಆಸೆಗೆ, ಗಡ್ಡಮೀಸೆಗೆ ಬೇಕಾದ ಟೆಸ್ಟೋಸ್ಟಿರೋನ್ ಮಾಡು ಎಂದು ವೃಷಣಗಳಿಗೆ ಕಾಗದ ಬರೆಯುವುದು ಎಲ್‌ಎಚ್. ಕಾಗದ ಬರದಿದ್ದರೆ ಗಟ್ಟಿಮುಟ್ಟಾದ ವೃಷಣವೂ ಸುಮ್ಮನೆ ಕೂರುತ್ತದೆ.

ಹುಟ್ಟಿನಿಂದಲೇ ಕರುಳು ಅತಿಯಾಗಿ ಕಬ್ಬಿಣ ಹೀರಿಕೊಳ್ಳುವ ಹೀಮೋಕ್ರೊಮಟೋಸಿಸ್ ಎಂಬ ಕಾಯಿಲೆಯಲ್ಲೂ ಆಗುವುದು ಇದೇ. ಅದು ಹೆಚ್ಚಾಗಿ ಉತ್ತರ ಯುರೋಪ್ ಮೂಲದವರಲ್ಲಿ ಕಾಣುತ್ತದೆ, ನಮ್ಮಲ್ಲಿ ಅಪರೂಪ. ಅವರಿಗೆ ಮೈಯಿಂದ ರಕ್ತ ತೆಗೆಯುವುದೇ ಚಿಕಿತ್ಸೆ. ರಕ್ತವೇ ಸಾಲದ ಥಲಸ್ಸೇಮಿಯಾದವರಿಗೆ ಆ ದಾರಿ ಇಲ್ಲ.

ಮೂರು ವಾರ ಬರೆದಿಡಿ

ಸುಸ್ತು, ನಿರಾಸಕ್ತಿ ಎರಡಕ್ಕೂ ಹಿಮೋಗ್ಲೋಬಿನ್ ಇಳಿದದ್ದೇ ಕಾರಣ ಎಂದುಕೊಳ್ಳುವುದು ಸುಲಭ. ಹಾಗಾಗಿ ಒಂದು ರಕ್ತದಿಂದ ಮುಂದಿನ ರಕ್ತದವರೆಗೆ ದಿನಾ ಒಂದು ಸಾಲು ಬರೆಯಲು ಹೇಳುತ್ತೇನೆ: ಮೈಯಲ್ಲಿ ಶಕ್ತಿ ಹೇಗಿತ್ತು, ಆಸೆ ಬಂತೇ, ಬೆಳಿಗ್ಗೆ ಏಳುವಾಗ ಶಿಶ್ನ ಗಡುಸಾಗಿತ್ತೇ. ಕೊನೆಯ ವಾರ ಮಾತ್ರ ಎಲ್ಲ ಇಳಿದು, ರಕ್ತ ಹಾಕಿಸಿಕೊಂಡ ಮೇಲೆ ಚೇತರಿಸಿದರೆ ಹಿಮೋಗ್ಲೋಬಿನ್ ಕಡೆ ಬೆರಳು ತೋರಿಸಬಹುದು. ರಕ್ತ ಏರಿ ಮೈಗೆ ಶಕ್ತಿ ಬಂದ ಮೊದಲ ವಾರದಲ್ಲೂ ಆಸೆ ಸೊನ್ನೆಯಾಗಿದ್ದರೆ ಹಾರ್ಮೋನ್ ನೋಡಲೇಬೇಕು. ಈ ಹುಡುಗನ ಪುಸ್ತಕದಲ್ಲಿ ಇಪ್ಪತ್ತೊಂದು ದಿನಕ್ಕೂ ಒಂದೇ ಉತ್ತರ. ಜೊತೆಗೆ ಅವನಾಗಿಯೇ ಒಂದು ಸಾಲು ಸೇರಿಸಿದ್ದ: "ಮೊದಲು ಎರಡು ದಿನಕ್ಕೊಮ್ಮೆ ಶೇವ್ ಮಾಡುತ್ತಿದ್ದೆ. ಈಗ ಹದಿನೈದು ದಿನಕ್ಕೊಮ್ಮೆ ಸಾಕು." ಯಾವ ಪರೀಕ್ಷೆಗಿಂತಲೂ ಮೊದಲು ನನಗೆ ಸುಳಿವು ಕೊಟ್ಟದ್ದು ಆ ಸಾಲು.

ರಕ್ತ ಕೊಡುವ ಹೊತ್ತು ತಪ್ಪಬೇಡಿ

ಟೆಸ್ಟೋಸ್ಟಿರೋನ್ ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಮಾದರಿ ಕೊಡಿ. ಜ್ವರ, ಸೋಂಕು ಇದ್ದಾಗ ಬೇಡ, ಆಗ ಯಾರಲ್ಲಾದರೂ ಕುಸಿಯುತ್ತದೆ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೊಮ್ಮೆ ನೋಡಿಯೇ ತೀರ್ಮಾನ. ಟೆಸ್ಟೋಸ್ಟಿರೋನ್ ಒಂದನ್ನೇ ಮಾಡಿಸಿ ಬರುವವರು ಬಹಳ. ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್‌ಗಳನ್ನೂ ಅದೇ ಮಾದರಿಯಲ್ಲಿ ಕೇಳಿ. ಪಿಟ್ಯುಟರಿಯ ಇತರ ಕೆಲಸಗಳೂ ಕೆಟ್ಟಿರಬಹುದಾದ್ದರಿಂದ ಥೈರಾಯ್ಡ್ ಮತ್ತು ಬೆಳಗಿನ ಕಾರ್ಟಿಸಾಲ್ ಸೇರಿಸಬೇಕು. ಸಕ್ಕರೆ ನೋಡಲು ಎಚ್‌ಬಿಎ1ಸಿ ನಂಬಬೇಡಿ. ನಿಮ್ಮ ಮೈಯಲ್ಲಿ ಓಡುತ್ತಿರುವುದು ಬೇರೆಯವರ ರಕ್ತ, ಆ ಅಂಕಿ ನಿಮ್ಮದಲ್ಲ.

ರಿಪೋರ್ಟಿನಲ್ಲಿ ಗುರುತು ಬೀಳದ ಸಾಲನ್ನು ಓದಿ

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಹುಡುಗನ ರಿಪೋರ್ಟಿನಲ್ಲಿ ಟೆಸ್ಟೋಸ್ಟಿರೋನ್ ಒಂದು ಡೆಸಿಲೀಟರಿಗೆ 138 ನ್ಯಾನೊಗ್ರಾಂ ಇತ್ತು. ವಯಸ್ಕ ಗಂಡಸಿಗೆ ಸಾಮಾನ್ಯವಾಗಿ 300ರ ಮೇಲಿರಬೇಕು. ಅದು ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಕೆಳಮುಖದ ಬಾಣದ ಜೊತೆ ಅಚ್ಚಾಗಿತ್ತು. ಅದರ ಕೆಳಗೆ ಎಲ್‌ಎಚ್ 2.1. ಲ್ಯಾಬಿನ ಮಿತಿ 1.7ರಿಂದ 8.6. ಬಾಣವಿಲ್ಲ, ದಪ್ಪ ಅಕ್ಷರವಿಲ್ಲ. ಎಫ್‌ಎಸ್‌ಎಚ್ 1.8, ಅದೂ ಮಿತಿಯೊಳಗೆ. ಹಿಂದೆ ಯಾರೋ ಇದನ್ನು ನೋಡಿ "ಪಿಟ್ಯುಟರಿ ಸರಿಯಾಗಿದೆ, ಟೆನ್ಷನ್ ಕಡಿಮೆ ಮಾಡಿಕೊ" ಎಂದು ಕಳಿಸಿದ್ದರು.

ಆ 2.1 ಸರಿಯಿಲ್ಲ. ಟೆಸ್ಟೋಸ್ಟಿರೋನ್ ಇಷ್ಟು ಕುಸಿದಾಗ ಆರೋಗ್ಯವಾದ ಪಿಟ್ಯುಟರಿ ಸುಮ್ಮನಿರುವುದಿಲ್ಲ. ಮೇಲಿಂದ ಮೇಲೆ ಕಾಗದ ಬರೆಯುತ್ತದೆ, ಎಲ್‌ಎಚ್ 15, 20 ಎಂದು ಏರುತ್ತದೆ. ವೃಷಣವೇ ಕೆಟ್ಟವರಲ್ಲಿ ಕಾಣುವುದು ಹಾಗೆ. ಮನೆಯಲ್ಲಿ ಅಕ್ಕಿ ಮುಗಿದು ಮಕ್ಕಳು ಹಸಿದಿದ್ದರೂ ಅಂಗಡಿಗೆ ಎಂದಿನ ಚೀಟಿಯನ್ನೇ ಕಳಿಸುವ ಯಜಮಾನನಿಗೆ ಏನೋ ಆಗಿದೆ ಎಂದೇ ಅರ್ಥ ತಾನೆ? ಟೆಸ್ಟೋಸ್ಟಿರೋನ್ ಕಡಿಮೆ, ಎಲ್‌ಎಚ್ ಕಡಿಮೆ ಅಥವಾ 'ನಾರ್ಮಲ್' ಎಂದು ಜೊತೆಯಾಗಿ ಬಂದರೆ ತೊಂದರೆ ಮೇಲಿನದು, ಪಿಟ್ಯುಟರಿಯದ್ದು. ಎರಡು ಸಾಲನ್ನು ಬಿಡಿಬಿಡಿಯಾಗಿ ಓದಿದರೆ ಇದು ಎಂದೂ ಕಾಣುವುದಿಲ್ಲ.

ಇನ್ನೊಂದು ಮೋಸವೂ ಇದೆ. ಯಕೃತ್ತು ಊದಿಕೊಂಡವರಲ್ಲಿ ಟೆಸ್ಟೋಸ್ಟಿರೋನನ್ನು ಕಟ್ಟಿಹಾಕುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಏರಿರುತ್ತದೆ. ಆಗ ಒಟ್ಟು ಅಂಕಿ 400 ಎಂದು ಚೆನ್ನಾಗಿಯೇ ಕಂಡರೂ ಮೈಗೆ ದಕ್ಕುವುದು ಸ್ವಲ್ಪವೇ. ಲಕ್ಷಣಗಳಿದ್ದು ಅಂಕಿ ಚೆನ್ನಾಗಿದ್ದರೆ ಎಸ್‌ಎಚ್‌ಬಿಜಿ ಮಾಡಿಸಿ, ಬಿಡುಗಡೆಯಾದ ಟೆಸ್ಟೋಸ್ಟಿರೋನ್ ಎಷ್ಟೆಂದು ಲೆಕ್ಕ ಹಾಕಿಸಿ.

ಮೈಯಲ್ಲಿ ಕೂಡಿಬಿದ್ದ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಅವನಲ್ಲಿ 4,300 ಇತ್ತು. 1,000ದ ಕೆಳಗಿರಲಿ ಎಂಬುದು ನಮ್ಮ ಗುರಿ. ಪಿಟ್ಯುಟರಿಗೆ ಕಬ್ಬಿಣ ಹೊಕ್ಕಿದೆ ಎಂದರೆ ಹೃದಯಕ್ಕೂ ಹೊಕ್ಕಿರಬಹುದು, ಹಾಗಾಗಿ ಅದೇ ವಾರ ಹೃದಯದ ಕಬ್ಬಿಣ ಅಳೆಯುವ ಟಿ2 ಸ್ಟಾರ್ ಎಂಆರ್‌ಐ ಮಾಡಿಸಿದೆವು. 20 ಮಿಲಿಸೆಕೆಂಡಿಗಿಂತ ಮೇಲಿದ್ದರೆ ನೆಮ್ಮದಿ, 10ಕ್ಕಿಂತ ಕೆಳಗಿದ್ದರೆ ಅಪಾಯ. ಅವನದು 17 ಬಂತು.

ಇಂಜೆಕ್ಷನ್ನಿಗೆ ಮೊದಲು ಒಂದು ಪ್ರಶ್ನೆ: ಮಗು ಬೇಕೇ?

ಟೆಸ್ಟೋಸ್ಟಿರೋನ್ ಕಡಿಮೆ ಇದೆಯೆಂದರೆ ಟೆಸ್ಟೋಸ್ಟಿರೋನ್ ಕೊಟ್ಟುಬಿಡುವುದು ನೇರ ದಾರಿ. ಎರಡು ಮೂರು ವಾರಕ್ಕೊಮ್ಮೆ ಇಂಜೆಕ್ಷನ್ನೋ, ದಿನಾ ಹಚ್ಚುವ ಜೆಲ್ಲೋ. ಆಸೆ ಕೆಲವೇ ವಾರಗಳಲ್ಲಿ ಮರಳುತ್ತದೆ, ಮೂಳೆಗೂ ಒಳ್ಳೆಯದು. ಆದರೆ ಹೊರಗಿನಿಂದ ಬಂದ ಟೆಸ್ಟೋಸ್ಟಿರೋನ್ ಪಿಟ್ಯುಟರಿಯಲ್ಲಿ ಉಳಿದಿದ್ದ ಚೂರುಪಾರು ಕೆಲಸವನ್ನೂ ನಿಲ್ಲಿಸುತ್ತದೆ, ವೀರ್ಯಾಣು ಇಲ್ಲವಾಗುತ್ತವೆ. ಮಗು ಬೇಕೆನ್ನುವವರಿಗೆ ಹೇಳದೆ ಕೇಳದೆ ಇದನ್ನು ಶುರು ಮಾಡುವುದು ಅನ್ಯಾಯ.

ಅವರಿಬ್ಬರಿಗೂ ಮಗು ಬೇಕಿತ್ತು. ಹಾಗಾಗಿ ಎಲ್‌ಎಚ್ ಮಾಡುವ ಕೆಲಸವನ್ನೇ ಮಾಡುವ ಎಚ್‌ಸಿಜಿ ಇಂಜೆಕ್ಷನ್ನನ್ನು ವಾರಕ್ಕೆ ಎರಡು ಸಲ, 1,500 ಯೂನಿಟ್‌ನಂತೆ ಆರಂಭಿಸಿದೆವು. ಬರದ ಕಾಗದವನ್ನು ಕೈಯಾರೆ ತಲುಪಿಸಿದ ಹಾಗೆ. ವೃಷಣ ಚೆನ್ನಾಗಿದ್ದರೆ ಅದು ತಾನೇ ಟೆಸ್ಟೋಸ್ಟಿರೋನ್ ಮಾಡುತ್ತದೆ, ಆಸೆಯೂ ಬರುತ್ತದೆ. ಆರು ತಿಂಗಳಾದರೂ ವೀರ್ಯಾಣು ಕಾಣದಿದ್ದರೆ ಎಫ್‌ಎಸ್‌ಎಚ್ ಇಂಜೆಕ್ಷನ್ ಸೇರಿಸುತ್ತೇವೆ. ಒಂದೆರಡು ವರ್ಷ ಹಿಡಿಯಬಹುದು, ಖರ್ಚಿನ ದಾರಿ. ಪ್ರಾಯಕ್ಕೆ ಬರುವ ಮೊದಲೇ ಪಿಟ್ಯುಟರಿ ಕೆಟ್ಟು ವೃಷಣ ಬೆಳೆಯದೆ ಉಳಿದವರಲ್ಲಿ ಫಲ ಕಡಿಮೆ.

ಹೆಂಡತಿ ಥಲಸ್ಸೇಮಿಯಾ ವಾಹಕಿಯೇ ಎಂದು ತಿಳಿಸುವ ಎಚ್‌ಬಿಎ2 ಪರೀಕ್ಷೆಯನ್ನು ಮದುವೆಗೆ ಮೊದಲು ಯಾರೂ ಮಾಡಿಸಿರಲಿಲ್ಲ. ಅವಳು ವಾಹಕಿಯಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಆಗುವ ಸಾಧ್ಯತೆ ಅರ್ಧಕ್ಕರ್ಧ. ಅವಳದು ಸರಿಯಿತ್ತು. ರಿಪೋರ್ಟ್ ಓದಿ ಹೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಬ್ಬಿಣ ಇಳಿಸುವುದನ್ನು ಮತ್ತೆ ಹಿಡಿಯಿರಿ

ಹಾರ್ಮೋನ್ ಕೊಟ್ಟರೂ ಕಬ್ಬಿಣ ಇಳಿಯದಿದ್ದರೆ ಮುಂದಿನ ಸರದಿ ಥೈರಾಯ್ಡಿನದು, ಮೇದೋಜ್ಜೀರಕದ್ದು, ಹೃದಯದ್ದು. ಫೆರಿಟಿನ್ ಇಷ್ಟು ಏರಿದ್ದೇಕೆ ಎಂದು ಕೇಳಿದಾಗ ಅವನು ಮೊದಲು ತಪ್ಪಿಸಿಕೊಂಡ, ಆಮೇಲೆ ಹೇಳಿದ. ಕಬ್ಬಿಣ ಇಳಿಸುವ ಡೆಸ್ಫೆರಾಕ್ಸಮಿನ್ ಔಷಧಿಯ ಪಂಪ್ ಅವನದು: ಹೊಟ್ಟೆಯ ಚರ್ಮಕ್ಕೆ ಸಣ್ಣ ಸೂಜಿ ಚುಚ್ಚಿ, ಪಂಪನ್ನು ದಿಂಬಿನ ಪಕ್ಕ ಇಟ್ಟುಕೊಂಡು, ವಾರಕ್ಕೆ ಐದಾರು ರಾತ್ರಿ ಹತ್ತು ಗಂಟೆ ಕಾಲ ಮಲಗಬೇಕು. ಚಿಕ್ಕಂದಿನಲ್ಲೂ ಆಗಾಗ ತಪ್ಪಿಸಿದ್ದ. ಮದುವೆಯಾದ ಮೇಲೆ ಹೊಸ ಹೆಂಡತಿಯ ಪಕ್ಕ ಆ ಕೊಳವೆ ಸಿಕ್ಕಿಸಿಕೊಂಡು ಮಲಗಲು ನಾಚಿಕೆಯಾಗಿ ಪೂರ್ತಿ ಬಿಟ್ಟುಬಿಟ್ಟಿದ್ದ. ಅವಳ ಹತ್ತಿರ ಇರಬೇಕೆಂದೇ ಬಿಟ್ಟದ್ದು. ಇದನ್ನು ಕೇಳಿ ನನಗೆ ಬೈಯಲು ಬಾಯಿ ಬರಲಿಲ್ಲ.

ದಿನಕ್ಕೊಮ್ಮೆ ನೀರಿನಲ್ಲಿ ಕದಡಿ ಕುಡಿಯುವ ಡೆಫೆರಾಸಿರಾಕ್ಸ್ ಗುಳಿಗೆಗೆ ಬದಲಾಯಿಸಿದೆವು. ಇದಕ್ಕೆ ತಿಂಗಳಿಗೊಮ್ಮೆ ಮೂತ್ರಪಿಂಡದ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸುವಂತಿಲ್ಲ. ಕಬ್ಬಿಣ ಇಳಿಸುವ ಇನ್ನೊಂದು ಗುಳಿಗೆಯಾದ ಡೆಫೆರಿಪ್ರೋನ್ ತೆಗೆದುಕೊಳ್ಳುವವರು ಜ್ವರ ಬಂದ ತಕ್ಷಣ ಗುಳಿಗೆ ನಿಲ್ಲಿಸಿ ಬಿಳಿ ರಕ್ತಕಣ ಎಣಿಸಬೇಕು. ಅದು ಪೂರ್ತಿ ಕುಸಿದಿರುವ ಸಾಧ್ಯತೆ ಇದೆ. ಸುಸ್ತೆಂದು ಯಾರಾದರೂ ಕಬ್ಬಿಣದ ಟಾನಿಕ್ ಬರೆದುಕೊಟ್ಟರೆ ಮುಟ್ಟಬೇಡಿ.

ಕಬ್ಬಿಣ ಚೆನ್ನಾಗಿ ಇಳಿದರೆ ಪಿಟ್ಯುಟರಿ ಚೇತರಿಸುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಬೇಗ ಹಿಡಿದವರಲ್ಲಿ ಕೆಲವರಿಗೆ ಚೇತರಿಸುತ್ತದೆ. ಗ್ರಂಥಿಯೇ ಕುಗ್ಗಿಹೋದ ಮೇಲೆ ಬಹುತೇಕ ಇಲ್ಲ, ಹಾರ್ಮೋನ್ ಜೀವನಪೂರ್ತಿ ಬೇಕಾಗುತ್ತದೆ.

ನಾಲ್ಕು ತಿಂಗಳ ನಂತರ ಅವನ ಟೆಸ್ಟೋಸ್ಟಿರೋನ್ 390, ಫೆರಿಟಿನ್ 3,600. ಈಗ ಮೂರು ದಿನಕ್ಕೊಮ್ಮೆ ಶೇವ್ ಮಾಡುತ್ತಾನೆ. ಮೊದಲ ವೀರ್ಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಹೋದ ಸಲ ರಕ್ತಕ್ಕೆ ಬಂದಾಗ ಪಕ್ಕದಲ್ಲಿ ಅಮ್ಮ ಇರಲಿಲ್ಲ, ಹೆಂಡತಿ ಕೂತಿದ್ದಳು. ಗುಳಿಗೆಯ ಹೊತ್ತನ್ನು ತನ್ನ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾಳಂತೆ.