ಮೂರನೆಯ ದಿನ ಮುಚ್ಚಳ ತೆಗೆಯಬೇಡಿ

ಮನೆಯಲ್ಲಿ ಸುಗಂಧ ಬೆರೆಸುವವರಲ್ಲಿ ಹೆಚ್ಚಿನವರು ಕೆಡಿಸಿಕೊಳ್ಳುವುದು ಬೆರೆಸುವಾಗಲ್ಲ, ಬೆರೆಸಿದ ಮೂರನೆಯ ದಿನ ಬಾಟಲಿ ತೆರೆದು ತಿದ್ದಲು ಹೋದಾಗ. ಕಳೆದ ವರ್ಷ ವಿಜಯಪುರದ ನಮ್ಮ ಮನೆಯಲ್ಲಿ ಸೊಸೆ ಮಾಡಿದ ಮಿಶ್ರಣವನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ಅವಳು ಕಿತ್ತಳೆ ಸಿಪ್ಪೆಯ ತೈಲ 1.5 ಗ್ರಾಂ, ಜಿರೇನಿಯಂ ತೈಲ 2 ಗ್ರಾಂ, ಶ್ರೀಗಂಧದ ತೈಲ 1.5 ಗ್ರಾಂ, ಲಾವಂಚದ ತೈಲ ಅರ್ಧ ಗ್ರಾಂ ಮತ್ತು ಸಾಂಬ್ರಾಣಿಯ ದ್ರಾವಣ ಅರ್ಧ ಗ್ರಾಂ ತೂಗಿ, ಒಟ್ಟು 6 ಗ್ರಾಂ ತೈಲಮಿಶ್ರಣವನ್ನು ಒಂದು ವಾರ ಮುಚ್ಚಿಟ್ಟಳು. ನಂತರ ಅದಕ್ಕೆ 24 ಗ್ರಾಂ ಸ್ಪಿರಿಟ್ ಸೇರಿಸಿದಳು. ಸ್ಪಿರಿಟ್ ನೀರಿಗಿಂತ ಹಗುರವಾದ್ದರಿಂದ ಮಿಲಿಲೀಟರ್ ಲೆಕ್ಕ ಬಿಟ್ಟು ತಕ್ಕಡಿಯಲ್ಲಿ ತೂಗುವುದೇ ಸರಿ. ಸುಗಂಧ ತಯಾರಿಕೆಗೆಂದೇ ಮಾರುವ, ಶೇಕಡಾ 95ಕ್ಕೆ ಕಡಿಮೆಯಿಲ್ಲದ ಈಥೈಲ್ ಆಲ್ಕೋಹಾಲ್ ಬೇಕು. ನೀರು ಹೆಚ್ಚಾದರೆ ತೈಲ ಕರಗದೆ ಮಿಶ್ರಣ ಹಾಲಿನಂತೆ ಮಂಜಾಗುತ್ತದೆ. ಮೀಥೈಲ್ ಆಲ್ಕೋಹಾಲ್ ವಿಷ, ಅದನ್ನು ಮುಟ್ಟಲೇಬೇಡಿ. ಈ ಕೆಲಸವನ್ನು ಒಲೆಯಿಂದ ದೂರವೇ ಮಾಡಬೇಕು.

ಸ್ಪಿರಿಟ್ ಸೇರಿಸಿದ ಮೂರನೆಯ ದಿನ ಮೂಸಿ ನೋಡಿದಾಗ ಅವಳಿಗೆ ಸ್ಪಿರಿಟ್‌ನ ಚುರುಕು ಮತ್ತು ಕಿತ್ತಳೆ ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಗಂಧ ಸಾಲದೆಂದು ಶ್ರೀಗಂಧವನ್ನೂ ಲಾವಂಚವನ್ನೂ ಮತ್ತೊಂದೊಂದು ಗ್ರಾಂ ಹಾಕಿದಳು. ಐದನೆಯ ವಾರಕ್ಕೆ ಅದು ಒದ್ದೆ ಬೇರಿನ ವಾಸನೆಯಷ್ಟೇ ಆಗಿ ಉಳಿಯಿತು.

ಕಾರಣ ಹೀಗಿದೆ. ಕಿತ್ತಳೆಯ ಚೂಪು ವಾಸನೆಯಲ್ಲಿ ಸ್ವಲ್ಪ ಪಾಲು ಆಲ್ಡಿಹೈಡ್‌ಗಳದು. ಅವು ದಿನ ಕಳೆದಂತೆ ಆಲ್ಕೋಹಾಲ್‌ನೊಡನೆ ನಿಧಾನವಾಗಿ ಕೂಡಿಕೊಂಡು ಮೃದುವಾಗುತ್ತವೆ. ಅಂಟು ಮತ್ತು ಬೇರಿನ ಭಾರವಾದ ಅಂಶಗಳು ದ್ರಾವಣದಲ್ಲಿ ಪೂರ್ತಿ ಹರಡಿಕೊಳ್ಳಲೂ ಸಮಯ ಬೇಕು. ಶ್ರೀಗಂಧ, ಲಾವಂಚ, ಸಾಂಬ್ರಾಣಿಗಳನ್ನು ಸ್ಥಿರಕಗಳೆನ್ನುವುದು ಅವು ಬಹಳ ನಿಧಾನವಾಗಿ ಆವಿಯಾಗಿ, ಜೊತೆಗಿರುವ ಹಗುರ ಪರಿಮಳಗಳ ಓಟವನ್ನೂ ಕೊಂಚ ತಡೆಯುವುದರಿಂದ. ಆದರೆ ಆ ತಡೆಗೆ ಮಿತಿಯಿದೆ: ಶ್ರೀಗಂಧ ಎಷ್ಟೇ ಸುರಿದರೂ ಕಿತ್ತಳೆ ಸಂಜೆಯವರೆಗೆ ನಿಲ್ಲುವುದಿಲ್ಲ.

ಎರಡನೆಯ ಸಲ ಅದೇ ಅಳತೆಯಲ್ಲಿ ಮಾಡಿ, ಕಂದು ಗಾಜಿನ ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬಿಸಿ, ಒಳಕೋಣೆಯ ತಂಪು ಕಪಾಟಿನಲ್ಲಿರಿಸಿದೆವು. ನಮ್ಮ ಭಾಗದ ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟರೆ ಕಿತ್ತಳೆ ತೈಲ ಗಾಳಿಯೊಡನೆ ಕೂಡಿ ಕೆಡುತ್ತದೆ, ಆಗ ಬಣ್ಣ ಹಚ್ಚುವ ಟರ್ಪೆಂಟೈನ್‌ನಂತಹ ನಾತ ಬರುತ್ತದೆ. ಹತ್ತನೆಯ ದಿನ ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಮೂಸಿದಾಗ ಕಿತ್ತಳೆ ತಗ್ಗಿತ್ತು, ಜಿರೇನಿಯಂ ಇನ್ನೂ ಹಸಿಯಾಗಿತ್ತು. ಇಪ್ಪತ್ತೆಂಟನೆಯ ದಿನ ಸ್ಪಿರಿಟ್‌ನ ಚುರುಕು ಕೆಲವೇ ಕ್ಷಣಗಳಲ್ಲಿ ಹಾರಿಹೋಗಿ, ಮೊದಲು ಕಾಣದಿದ್ದ ಶ್ರೀಗಂಧ ಅದೇ ಒಂದೂವರೆ ಗ್ರಾಂನಲ್ಲಿ ತಾನಾಗಿಯೇ ಮೇಲೆದ್ದಿತ್ತು. ಎರಡು ದಿನ ಫ್ರಿಜ್‌ನಲ್ಲಿರಿಸಿ, ತಳದಲ್ಲಿ ಕೂತ ಅಂಟನ್ನು ಕಾಫಿ ಸೋಸುವ ಕಾಗದದಲ್ಲಿ ತಣ್ಣಗಿರುವಾಗಲೇ ಸೋಸಿ ತೆಗೆದೆವು.