ಶಿಫಾರಸು ಪತ್ರದಲ್ಲಿ ಅಂಕಪಟ್ಟಿ ಹೇಳದ ಮಾತು

ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಹೋಗುವ ಮಕ್ಕಳು ಟ್ರಸ್ಟುಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ತರಗತಿ ಶಿಕ್ಷಕರ ಪತ್ರ ಕೇಳುತ್ತಾರೆ. ಬಹಳಷ್ಟು ಶಾಲೆಗಳಲ್ಲಿ ಇದಕ್ಕೆ ವ್ಯಾಸಂಗ ಪ್ರಮಾಣಪತ್ರದ ನಮೂನೆಯನ್ನೇ ಹಿಗ್ಗಿಸಿ, "ಸನ್ನಡತೆಯುಳ್ಳವಳು, ಬಡ ಕುಟುಂಬದವಳು, ಸಹಾಯ ಮಾಡಬೇಕಾಗಿ ವಿನಂತಿ" ಎಂದು ಸೇರಿಸಿ ಕೊಡುತ್ತಾರೆ. ಬಡತನಕ್ಕೆ ಆದಾಯ ಪ್ರಮಾಣಪತ್ರವಿದೆ, ಜಾಣತನಕ್ಕೆ ಅಂಕಪಟ್ಟಿ ಇದೆ. ದಿನವೂ ಮಗುವನ್ನು ನೋಡಿದವರಿಗಷ್ಟೇ ಗೊತ್ತಿರುವುದು ಏನು ಎಂಬುದಕ್ಕೇ ಈ ಪತ್ರ. ಅದಕ್ಕೆ ನಾನು ಒಂದು ಪುಟ ಮೀರುವುದಿಲ್ಲ, ಮತ್ತು ಆ ಪುಟದ ಅರ್ಧವನ್ನು ಒಂದೇ ಸಂಗತಿಗೆ ಬಿಡುತ್ತೇನೆ.

ಕಲಬುರಗಿ ಜಿಲ್ಲೆಯಲ್ಲಿ ಆ ಸಂಗತಿ ಹೆಚ್ಚಾಗಿ ಹಾಜರಿ ಪುಸ್ತಕದಲ್ಲೇ ಸಿಗುತ್ತದೆ. ತೊಗರಿ ರಾಶಿ ಶುರುವಾದರೆ ಡಿಸೆಂಬರ್, ಜನವರಿಯಲ್ಲಿ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಾರೆ. ಮುಂದೆ ಬರುವ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕುಸಿಯುತ್ತದೆ. ಆಯ್ಕೆ ಮಾಡುವವರು ಎಲ್ಲೋ ದೂರ ಕೂತು ಬರೀ ಅಂಕ ನೋಡಿದರೆ, ಹುಡುಗಿ ಓದು ಬಿಟ್ಟಳು ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಾಗಿ ಬರೆಯಲು ಕೂರುವ ಮೊದಲು ಮೂರನ್ನು ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ: ಹಾಜರಿ ಪುಸ್ತಕ, ಪರೀಕ್ಷೆಗಳ ಅಂಕ, ಹುಡುಗಿಯ ಗಣಿತದ ನೋಟ್‌ಬುಕ್ಕು.

ಸೇಡಂ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿಯ ಪತ್ರವನ್ನೇ ತೆಗೆದುಕೊಳ್ಳಿ. ಡಿಸೆಂಬರಿನ 24 ಶಾಲಾ ದಿನಗಳಲ್ಲಿ ಹಾಜರಿ 13. ಗಣಿತದಲ್ಲಿ 80ಕ್ಕೆ ಅರ್ಧವಾರ್ಷಿಕದಲ್ಲಿ 61, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 42, ಕೊನೆಯ ಪರೀಕ್ಷೆಯಲ್ಲಿ 68. ನಡುವಿನ 42 ಯಾಕೆ ಬಂತು, ಅಲ್ಲಿಂದ 68ಕ್ಕೆ ಹೇಗೆ ಏರಿದಳು ಎಂಬುದೇ ಪತ್ರದ ಜೀವ. ನೋಟ್‌ಬುಕ್ಕು ತೆರೆದರೆ ಉತ್ತರ ಅಲ್ಲೇ ಇತ್ತು. ತಪ್ಪಿದ ಪಾಠಗಳನ್ನು ಗೆಳತಿಯ ಪುಸ್ತಕ ನೋಡಿ ತಾರೀಖು ಹಾಕಿ ಬರೆದುಕೊಂಡಿದ್ದಳು. x² − 7x + 12 = 0 ಬಿಡಿಸಿ 3 ಮತ್ತು 4 ಎಂದು ಬರೆದು ನಿಲ್ಲಿಸದೆ, ಅಂಚಿನಲ್ಲಿ ಪೆನ್ಸಿಲ್ಲಿನಿಂದ 9 − 21 + 12 = 0 ಎಂದು ತಾಳೆ ನೋಡಿದ್ದಳು. ಪ್ರತಿ ಲೆಕ್ಕಕ್ಕೂ ಹೀಗೇ, ಯಾರೂ ಹೇಳದೆ. ಕೇಳಿದರೆ, "ಪಾಠ ತಪ್ಪಿತ್ತಲ್ರಿ ಸರ್, ಸರಿ ಅದನೋ ಇಲ್ಲೋ ಗೊತ್ತಾಗಬೇಕಲ್ರಿ" ಅಂದಳು. ಪತ್ರದಲ್ಲಿ ಅದು ಹೀಗೆ ಹೋಯಿತು:

"ಡಿಸೆಂಬರಿನಲ್ಲಿ ಈಕೆ ತನ್ನ ಮನೆಯ ತೊಗರಿ ರಾಶಿಗಾಗಿ 11 ದಿನ ಶಾಲೆಗೆ ಬಂದಿಲ್ಲ. ಆ ಕಾರಣ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ 42 ಅಂಕ ಬಂದಿದೆ. ಮರಳಿದ ಮೇಲೆ ತಪ್ಪಿದ ಪಾಠಗಳನ್ನು ತಾನೇ ಬರೆದುಕೊಂಡು, ಪ್ರತಿ ಲೆಕ್ಕದ ಉತ್ತರವನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡುವ ರೂಢಿ ಮಾಡಿಕೊಂಡಳು. ಕೊನೆಯ ಪರೀಕ್ಷೆಯಲ್ಲಿ 68 ಪಡೆದಿದ್ದಾಳೆ. ವಿಜ್ಞಾನ ವಿಭಾಗದ ಗಣಿತಕ್ಕೆ ಈ ರೂಢಿ ಬೇಕೇ ಬೇಕು ಎಂದು ಅವಳಿಗೆ ಗಣಿತ ಕಲಿಸಿದ ನನ್ನ ಅಭಿಪ್ರಾಯ."

ಇದರಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ, ನೋಡಿ. ಗೈರುಹಾಜರಿಯನ್ನು ಮುಚ್ಚಿಟ್ಟಿಲ್ಲ, ಯಾಕೆಂದರೆ ಅಂಕ ಅದನ್ನು ಹೇಗೂ ಹೊರಗೆ ಹಾಕುತ್ತದೆ. ಆದರೆ ಮನೆಯ ಸಂಗತಿ ಬರೆಯುವ ಮುಂಚೆ ಹುಡುಗಿಯನ್ನೂ ಅವಳ ತಾಯಿಯನ್ನೂ ಕೇಳಲೇಬೇಕು. ಸಾಲ, ಕುಡಿತ, ಕಾಯಿಲೆಯಂಥವು ಅವರು ಬೇಡ ಅಂದರೆ ಬೇಡ. ಅರ್ಜಿ ಎಷ್ಟು ಕೈ ದಾಟುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಪತ್ರ ತಿರಸ್ಕಾರವಾಗುವುದು ಬಹಳ ಸಲ ಸಣ್ಣ ವಿಷಯಕ್ಕೆ. ಒಂದು, ಆದಾಯ. ಶಿಕ್ಷಕರು ಅಂದಾಜಿನ ಮೇಲೆ ಒಂದು ಮೊತ್ತ ಬರೆದು, ನಾಡಕಚೇರಿಯ ಪ್ರಮಾಣಪತ್ರದಲ್ಲಿ ಬೇರೆ ಇದ್ದರೆ ಎರಡೂ ಸಂಶಯಕ್ಕೆ ಬೀಳುತ್ತವೆ. ನಾನು ಮೊತ್ತ ಬರೆಯದೆ "ಲಗತ್ತಿಸಿದ ಆದಾಯ ಪ್ರಮಾಣಪತ್ರದಂತೆ" ಎನ್ನುತ್ತೇನೆ. ಇನ್ನೊಂದು, ಹೆಸರು. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುತ್ತೇವೆ. ಆಧಾರ್‌ನಲ್ಲಿ ಅಡ್ಡಹೆಸರು ಬಿಟ್ಟಿರುತ್ತದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇರುತ್ತದೆ. ಪತ್ರದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಒಂದಕ್ಷರವೂ ಬದಲಾಗದೆ ಬರಬೇಕು. ಒಂದೇ ಟ್ರಸ್ಟಿಗೆ ಇಬ್ಬರು ಮಕ್ಕಳು ಅರ್ಜಿ ಹಾಕಿದಾಗ ಒಂದೇ ವಾಕ್ಯ ಎರಡೂ ಪತ್ರದಲ್ಲಿ ಇದ್ದರೆ ಇಬ್ಬರಿಗೂ ಪೆಟ್ಟು.

ಸಮಯದ ತೊಡಕು ಬೇರೆ. ಫಲಿತಾಂಶ ಬರುವ ಹೊತ್ತಿಗೆ ಬೇಸಿಗೆ ರಜೆ. ಮುಖ್ಯ ಗುರುಗಳು ಊರಲ್ಲಿ ಇರುವುದಿಲ್ಲ, ದುಂಡು ಮುದ್ರೆ ಬೀರುವಿನಲ್ಲಿ. ಅದಕ್ಕೆ ಮಾರ್ಚಿನಲ್ಲೇ ಕರಡು ಬರೆದು, ಕೊನೆಯ ಅಂಕದ ಜಾಗ ಮಾತ್ರ ಖಾಲಿ ಬಿಡುತ್ತೇನೆ. ರಜೆಯಲ್ಲಿ ಯಾವ ದಿನ ಶಾಲೆಗೆ ಬರುತ್ತಾರೆಂದು ಮುಖ್ಯ ಗುರುಗಳನ್ನು ಮೊದಲೇ ಕೇಳಿಟ್ಟುಕೊಳ್ಳುತ್ತೇನೆ. ಖಾಲಿ ಲೆಟರ್‌ಹೆಡ್ಡಿಗೆ ಮುಂಚಿತವಾಗಿ ಸಹಿ ಹಾಕಿಸಿಕೊಳ್ಳುವುದು ಮಾತ್ರ ಬೇಡ; ಅದು ಯಾರ ಕೈಗೆ ಸಿಕ್ಕರೂ ಮುಖ್ಯ ಗುರುಗಳ ಕೊರಳಿಗೆ ಬರುತ್ತದೆ.

ಜಾವಕ ಸಂಖ್ಯೆ, ತಾರೀಖು ಹಾಕಿ, ನನ್ನ ಸಹಿಯ ಕೆಳಗೆ ಯಾವ ವಿಷಯ ಎಷ್ಟು ವರ್ಷ ಕಲಿಸಿದೆ ಎಂದು ಬರೆದು, ಮೊಬೈಲ್ ನಂಬರ್ ಕೊಡುತ್ತೇನೆ. ಒಂದು ಪ್ರತಿ ಶಾಲೆಯ ಫೈಲಿಗೆ, ಇನ್ನೊಂದರ ಫೋಟೊ ನನ್ನ ಫೋನಿಗೆ. ಟ್ರಸ್ಟಿನವರು ಫೋನ್ ಮಾಡಿ ಆ 11 ದಿನದ ಬಗ್ಗೆ ಕೇಳಿದರೆ, ಪತ್ರದಲ್ಲಿ ಇದ್ದದ್ದನ್ನೇ ಹೇಳಬೇಕಾಗುತ್ತದೆ.